ನಿಶ್ಚಿತಾರ್ಥ ಆಗಿರಲಿಲ್ಲ

ನಿಶ್ಚಿತಾರ್ಥ ಎಂಬ ಮಾತಿನಲ್ಲಿ ಒಂದು ನಿಶ್ಚಿತ ಇದೆ, ಒಂದು ಅರ್ಥ ಇದೆ. ಅಮ್ಮಾನ್ ನಗರದ ಅಶ್ರಫಿಯ್ಯಾ ಗುಡ್ಡದಲ್ಲಿ ನಮ್ಮ ಮೇಲ್ಮಹಡಿಯವರಿಗೆ ಕಳೆದ ಚಳಿಗಾಲ ಎರಡೂ ಕೈಕೊಟ್ಟವು. ಹೇಳುತ್ತಿರುವುದು ನಡೆದ ಸಂಗತಿ. ಅವರ ಮನೆಯ ನೆಲವೇ ನಮ್ಮ ಮನೆಯ ಸೂರು. ಸೂರು ತೆಳು, ಮೇಲಿನ ಮನೆಯಾಕೆ ಉಮ್ಮ್ ಬಾಸಿಲ್, ಅಂದರೆ ಬಾಸಿಲನ ಅಮ್ಮ, ಅವಳ ಗಂಟಲು ದಪ್ಪ. ಕೇಳಿಸದೆ ಉಳಿದದ್ದನ್ನು ಆಕೆಯ ಅತ್ತೆ ಫಿಕ್ರಿಯ್ಯಾ ಮೆಟ್ಟಿಲ ಮೇಲೆ ಕೂತು ತಾನಾಗಿಯೇ ಹೇಳಿದ್ದಾಳೆ. ಕತೆಯಲ್ಲಿ ಎಲ್ಲಾದರೂ ಸುಳ್ಳು ಸಿಕ್ಕರೆ ಅದು ಅವಳದು.

ಮನೆಯ ಯಜಮಾನ ಅಬೂ ಬಾಸಿಲ್, ಅಂದರೆ ಬಾಸಿಲನ ಅಪ್ಪ, ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವವನು. ಊರಿನವರೆಲ್ಲ ಕೂತು ಸವೆಸಿದ್ದನ್ನು ನಿಂತು ಸರಿಮಾಡುವುದು ಅವನ ಕೆಲಸ. ಮಗಳು ಹನಾದಿ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿದ್ದಾಳೆ. ಮಗ ಬಾಸಿಲ್ ಬೆಳಿಗ್ಗೆ ಟ್ಯೂಷನ್ ಕೇಂದ್ರದಲ್ಲಿ ಇಂಗ್ಲಿಷ್ ಕಲಿಸುತ್ತಾನೆ, ಉಳಿದ ಹೊತ್ತು ಬೇರೆಯವರ ಗಂಟಲಿನಲ್ಲಿ ಮಾತಾಡುತ್ತಾನೆ. ಗ್ಯಾಸ್ ಮಾರುವವನು, ಸುದ್ದಿ ಓದುವವಳು, ಸೀನುವ ಅಪ್ಪ, ಎಲ್ಲರೂ ಅವನ ಬಾಯಲ್ಲಿ ಬಾಡಿಗೆಗಿದ್ದರು. ಇವರೆಲ್ಲರ ಮೇಲೆ ಅಜ್ಜಿ, ಅಂದರೆ ಅವರ ತೇತಾ, ಫಿಕ್ರಿಯ್ಯಾ.

ಹನಾದಿಗೆ ಮೂರು ವರ್ಷದ ಹಿಂದೆ ಇಯಾದ್ ಎಂಬವನ ಜೊತೆ ನಿಕಾಹ್ ಬರೆಸಿ ಆಗಿತ್ತು. ಇಲ್ಲಿ ಮೊದಲು ನಿಕಾಹ್ ಬರೆಸುತ್ತಾರೆ, ಹುಡುಗಿಯನ್ನು ಗಂಡನ ಮನೆ ತುಂಬಿಸುವುದು ತಿಂಗಳುಗಟ್ಟಲೆ ಆದಮೇಲೆ. ನಡುವೆ ಇಬ್ಬರೂ ಓಡಾಡಬಹುದು, ಒಬ್ಬರನ್ನೊಬ್ಬರು ಅರಿಯಬಹುದು. ಇವರು ಅರಿತರು, ಅರಿತ ಮೇಲೆ ಬೇಡವೆಂದರು. ಮನೆ ತುಂಬುವ ಮೊದಲೇ ಕೋರ್ಟಿನಲ್ಲಿ ಬಿಡುಗಡೆಯಾಯಿತು. ಬೀದಿಯ ಬಾಯಲ್ಲಿ ಅದು ‘ಪಾಪ, ನಿಶ್ಚಿತಾರ್ಥ ಮುರೀತು’. ಕಾನೂನಿನ ಬಾಯಲ್ಲಿ ಹನಾದಿ ವಿಚ್ಛೇದಿತೆ. ಒಂದೇ ಒಲೆಯ ಮೇಲೆ ಒಂದು ದಿನವೂ ಇಬ್ಬರಿಗೆ ಅನ್ನ ಬೇಯಿಸದ ವಿಚ್ಛೇದಿತೆ.

ಆಮೇಲೆ ಎರಡು ಸಂಬಂಧ ಬಂದು ಹೋಗಿದ್ದವು. ಮೊದಲನೆಯವರಿಗೆ ಉಮ್ಮ್ ಬಾಸಿಲ್ ಫೋನಿನಲ್ಲೇ ಎಲ್ಲ ಹೇಳಿಬಿಟ್ಟಳು. ‘ವಿಚ್ಛೇದನ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹುಡುಗನ ತಾಯಿಗೆ ಇದ್ದಕ್ಕಿದ್ದಂತೆ ಮಂಡಿನೋವು ಬಂತು, ಬರಲಾಗಲಿಲ್ಲ. ಮಂಡಿ ಇವತ್ತಿಗೂ ಸರಿಹೋಗಿಲ್ಲ. ಎರಡನೆಯವರಿಗೆ ಅಜ್ಜಿಯ ಸಲಹೆಯಂತೆ ಹೇಳದೆ ಎಳೆದರು. ಹಿರಿಯರ ತಂಡ ಹೆಣ್ಣು ಕೇಳಲು ಬರುವ ದಿನ ಗೊತ್ತಾದಮೇಲೆ ಅವರಿಗೆ ಬೇರೆ ಕಡೆಯಿಂದ ಸುದ್ದಿ ಮುಟ್ಟಿತು. ಹುಡುಗನ ಸೋದರತ್ತೆ ಮೆಟ್ಟಿಲ ಮೇಲೆ ನಿಂತು ಕೂಗಿದ್ದು ಮೂರು ಮಹಡಿಗೂ ಹಂಚಿಕೆಯಾಯಿತು. ಬೇಗ ಹೇಳಿದರೆ ಹುಡುಗಿಯನ್ನು ನೋಡುವುದೇ ಇಲ್ಲ, ತಡವಾಗಿ ಹೇಳಿದರೆ ಹುಡುಗಿಯನ್ನು ನಂಬುವುದೇ ಇಲ್ಲ. ಆ ಮನೆಗೆ ಎರಡೂ ರುಚಿ ಗೊತ್ತಿತ್ತು.

ಇಂಥದ್ದರಲ್ಲಿ ಡಿಸೆಂಬರಿನಲ್ಲಿ ಉಮ್ಮ್ ಸುಹೈಬ್ ಎಂಬಾಕೆಯ ಫೋನು ಬಂತು. ಮಗ ಸುಹೈಬ್ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೇಲ್ವಿಚಾರಕ. ಶನಿವಾರ ಹುಡುಗಿ ನೋಡಲು ಹೆಂಗಸರಷ್ಟೇ ಬರುತ್ತೇವೆ ಎಂದಳು.

ಮಾರನೆಯ ದಿನ ಅಡುಗೆಮನೆಯಲ್ಲಿ ಕೂಸಾ ಕೊರೆಯುತ್ತಿದ್ದರು. ಕೂಸಾ ಅಂದರೆ ಅಂಗೈ ಉದ್ದದ ಎಳೆ ಕಾಯಿ, ತಿರುಳು ತೆಗೆದು ಅಕ್ಕಿ ಮಾಂಸ ತುಂಬುತ್ತಾರೆ. ಕೈಯಲ್ಲಿ ಕೂಸಾ ಕೊರೆತ, ಬಾಯಲ್ಲಿ ತಲೆ ಕೊರೆತ.

“ನಾನು ಇವತ್ತೇ ಫೋನ್ ಮಾಡಿ ಹೇಳಿಬಿಡ್ತೀನಿ” ಎಂದಳು ಉಮ್ಮ್ ಬಾಸಿಲ್. “ಬರೋರು ಬರ್ಲಿ, ಬಿಡೋರು ಬಿಡ್ಲಿ. ಇನ್ನೊಂದ್ಸಲ ಮೆಟ್ಟಿಲ ಮೇಲೆ ಸಂತೆ ನಡೆಸೋಕೆ ನನ್ನಿಂದಾಗಲ್ಲ.”

“ಹೂಂ, ಹೇಳು. ಆಕೇಗೂ ಮಂಡಿನೋವು ಬರ್ಲಿ” ಎಂದಳು ಅಜ್ಜಿ. “ಊರಲ್ಲಿರೋ ಮಂಡೀನೆಲ್ಲ ನೀನೇ ಕೆಡಿಸಿದ್ದು. ಮೊದಲು ಅವರು ನಮ್ಮನೇಲಿ ಊಟ ಮಾಡ್ಲಿ. ಹುಡುಗ ಇವಳ ಮುಖ ನೋಡ್ಲಿ. ಹೊಟ್ಟೆ ತುಂಬಿದೋರ ಕಿವಿ ಮೆತ್ತಗಿರುತ್ತೆ.”

“ಹೋದ ಸಲಾನೂ ಹೀಗೇ ಅಂದಿದ್ರಿ ಅತ್ತೆ.”

“ಹೋದ ಸಲ ಅನ್ನ ಬೆಂದಿರ್ಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಅಬೂ ಬಾಸಿಲ್, “ನಾವ್ಯಾಕೆ ಹೇಳ್ಬೇಕು? ಅವರ ಕಡೆ ಗಂಡಸರು ವಿಚಾರಿಸೋಕೆ ಬಂದೇ ಬರ್ತಾರೆ. ಕೆಳಗಡೆ ಅಂಗಡಿ ಅಬೂ ಝುಹ್ದಿ ಇದಾನಲ್ಲ, ಒಂದು ಕಿಲೋ ಸಕ್ಕರೆ ತಗೊಂಡ್ರೆ ಮೂರು ತಲೆಮಾರು ತೂಗಿ ಕೊಡ್ತಾನೆ” ಎಂದ.

“ಅದಕ್ಕೇ ಯಾಬಾ” ಎಂದಳು ಹನಾದಿ. ಅಪ್ಪನನ್ನು ಅವಳು ಕರೆಯುವುದು ಹಾಗೆ. “ಅಬೂ ಝುಹ್ದಿ ಹೇಳೋ ಮೊದಲು ನಾನು ಹೇಳ್ಬೇಕು. ಅದೂ ಅವನಿಗೇ, ಅವರಮ್ಮನಿಗಲ್ಲ. ಅಮ್ಮನಿಗೆ ಹೇಳೋದು ಅವನ ಕೆಲಸ. ಮೊದಲ ಸಲ ಬೇಡ, ಮೊದಲ ಸಲ ನಾವು ಹೆಸರು ಗೊತ್ತಿರೋ ಅಪರಿಚಿತರು. ಎರಡನೇ ಸಲ ಕೂತು ಮಾತಾಡಿದಾಗ ಹೇಳ್ತೀನಿ. ವಿಚಾರಣೆ ಶುರುವಾಗೋದು ಅದಾದಮೇಲೆ ತಾನೆ?”

“ಎಷ್ಟು ಹೇಳ್ತೀಯ?” ಅಮ್ಮ ಕೇಳಿದಳು.

“ನಡೆದಿದ್ದು.”

“ನಡೆದಿದ್ದೆಲ್ಲಾನಾ? ಬೀದಿ ಗಾಡಿ ಹತ್ರ ಅವನ ಜೊತೆ ಐಸ್‌ಕ್ರೀಂ ತಿಂದಿದ್ದೂ?”

“ಅದು ನನ್ನ ಐಸ್‌ಕ್ರೀಂ ಯಮ್ಮಾ. ನಿಕಾಹ್ ಆಗಿತ್ತು, ಮನೆ ತುಂಬಿರ್ಲಿಲ್ಲ, ಬಿಟ್ವಿ. ಇಷ್ಟು.”

ಶನಿವಾರ ಉಮ್ಮ್ ಸುಹೈಬ್ ತನ್ನ ತಂಗಿಯ ಜೊತೆ ಬಂದಳು. ಅವಳಿಗೊಂದು ಚಾಳಿ, ಪ್ರತಿ ಮಾತಿನ ಬಾಲಕ್ಕೂ ‘ಅಲ್ವಾ?’ ಎಂದು ಗಂಟು ಹಾಕುವುದು. ಮನೆ ಬೆಚ್ಚಗಿದೆ, ಅಲ್ವಾ? ಹುಡುಗಿ ಸ್ವಲ್ಪ ಸಣ್ಣ, ಅಲ್ವಾ? ಹನಾದಿ ಏಲಕ್ಕಿ ಹಾಕಿದ ಕಾಫಿ ತಂದಿಟ್ಟು ಒಳಗೆ ಹೋದಳು. ಉಮ್ಮ್ ಬಾಸಿಲ್ ತಿಂಡಿಯ ತಟ್ಟೆ ತರಲು ಎದ್ದಳು. ಅಷ್ಟರಲ್ಲೇ ಆದದ್ದು.

“ಹುಡುಗಿಗೆ ಮುಂಚೆ ನಿಶ್ಚಿತಾರ್ಥ ಏನಾದ್ರೂ ಆಗಿತ್ತಾ ಹಾಜ್ಜಾ?” ಎಂದು ಉಮ್ಮ್ ಸುಹೈಬ್ ಅಜ್ಜಿಯನ್ನು ಕೇಳಿದಳು. ಹಿರಿಯ ಹೆಂಗಸರನ್ನು ಇಲ್ಲಿ ಗೌರವದಿಂದ ಹಾಜ್ಜಾ ಅನ್ನುತ್ತಾರೆ.

“ದೇವರಾಣೆಗೂ ನಿಶ್ಚಿತಾರ್ಥ ಆಗಿರಲಿಲ್ಲ!” ಎಂದಳು ಅಜ್ಜಿ.

ಬಾಗಿಲಲ್ಲಿ ಉಮ್ಮ್ ಬಾಸಿಲ್ ಕೈಯಲ್ಲಿದ್ದ ತಟ್ಟೆ ವಾಲಿ ಖರ್ಜೂರ ತುಂಬಿದ ಬಿಸ್ಕತ್ತೊಂದು ಜಮಖಾನದ ಮೇಲೆ ಉರುಳಿ ಅತಿಥಿಯ ಕಾಲ ಬಳಿ ನಿಂತಿತು.

ಅತಿಥಿಗಳು ಇಳಿದು ಹೋಗಿ ಕೆಳಗಿನ ಬಾಗಿಲು ಹಾಕಿದ ಸದ್ದಾದ ಕೂಡಲೇ ನಮ್ಮ ಸೂರು ನಡುಗಿತು.

“ಅತ್ತೆ! ದೇವರ ಮೇಲೆ ಆಣೆ ಇಟ್ರಲ್ಲ!”

“ಇಟ್ಟೆ. ಸುಳ್ಳೇನು ಹೇಳ್ದೆ? ಆಗಿದ್ದು ನಿಕಾಹ್. ಆ ಇಯಾದನ ಮನೆಯೋರು ಉಂಗುರಾನೂ ತರಲಿಲ್ಲ, ನಿಶ್ಚಿತಾರ್ಥಾನೂ ಮಾಡಲಿಲ್ಲ, ನೆಟ್ಟಗೆ ಮೌಲ್ವೀನ ಕರ್ಕೊಂಡು ಬಂದ್ರು. ನೆನಪಿಲ್ವಾ? ಆಕೆ ಏನು ಕೇಳಿದ್ಳೋ ಅದಕ್ಕೆ ನಾನು ಉತ್ತರ ಕೊಟ್ಟೆ. ನಿಕಾಹ್ ಆಗಿತ್ತಾ ಅಂತ ಕೇಳಿದ್ರೆ ಹೂಂ ಅಂತಿದ್ದೆ.”

“ಊರೆಲ್ಲ ಅದನ್ನ ನಿಶ್ಚಿತಾರ್ಥ ಅಂತಾನೇ ಅನ್ನೋದು! ನೀವೇ ಅಂತಿದ್ರಿ!”

“ಊರಿಗೆ ಕಾನೂನು ಗೊತ್ತಿಲ್ಲ.”

ಹನಾದಿ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತಳು. “ತೇತಾ, ನಾನು ಹೇಳದೆ ಇದ್ದದ್ದು ಇಷ್ಟು ಹೊತ್ತು ಬರೀ ಹೇಳದೆ ಇದ್ದದ್ದು. ಈಗ ಅದು ಸುಳ್ಳಾಯ್ತು. ನಾಳೆ ನಾನು ಬಾಯಿ ಬಿಟ್ರೆ ನೀನು ಸುಳ್ಳಿ, ಬಿಡದೆ ಇದ್ರೆ ನಾನು ಸುಳ್ಳಿ.”

“ನನ್ನ ವಯಸ್ಸಿಗೆ ಏನಾಗ್ಬೇಕು, ನನ್ನನ್ನೇ ಸುಳ್ಳಿ ಮಾಡು” ಎಂದು ಅಜ್ಜಿ ಜಮಖಾನದ ಮೇಲೆ ಬಿದ್ದಿದ್ದ ಬಿಸ್ಕತ್ತನ್ನು ಎತ್ತಿ ಊದಿ ತಿಂದಳು.

ಮುಂದಿನ ವಾರ ಸುಹೈಬ್ ತಾನೇ ಬಂದ. ಎತ್ತರದ, ಭುಜ ಬಾಗಿದ ಆಳು. ಒರಟು ಗಂಟಲು, ಮಾತಿನ ಮೊದಲು ‘ಅಂದ್ರೆ’ ಎಂದು ತಡವರಿಸಿ ಆಮೇಲೆ ನಿಧಾನವಾಗಿ ಮಾತು ಬಿಡುವವನು. ಲಿಫ್ಟು ಮಹಡಿ ಮಹಡಿಗೂ ನಿಂತು ಏರುವ ಹಾಗೆ. ಬಾಗಿಲು ತೆರೆದಿಟ್ಟ ಹಜಾರದಲ್ಲಿ ಇಬ್ಬರನ್ನೂ ಸ್ವಲ್ಪ ಹೊತ್ತು ಕೂರಿಸಿದರು. ನೀರು, ಕೆಲಸ, ಬಾಡಿಗೆ, ಅಮ್ಮನ ಜೊತೆ ಇರುವುದೋ ಬೇರೆಯೋ, ಇಷ್ಟೇ ಮಾತು. ಅವನು ಒಂದು ಕಡೆ ನಕ್ಕ, ಅವಳು ಎರಡು ಕಡೆ. ಎದ್ದು ಹೋಗುವಾಗ ಮುಂದಿನ ಗುರುವಾರ ಮತ್ತೆ ಬರುವುದೆಂದು ಮಾತಾಯಿತು.

ಬಾಸಿಲ್‌ಗೆ ಹೊಸ ಬಾಡಿಗೆದಾರ ಸಿಕ್ಕಿದ. ರಾತ್ರಿ ಊಟಕ್ಕೆ ಕೂತವನು ಭುಜ ಬಾಗಿಸಿ, “ಅಂದ್ರೆ... ಉಪ್ಪು... ಕೊಡಿ” ಎಂದ. ಅಪ್ಪನಿಗೆ ನಕ್ಕು ನೆತ್ತಿಗೇರಿತು.

“ಸರಿ ಕೋತಿ, ಇದನ್ನೇ ಕೆಲಸಕ್ಕೆ ಹಾಕು” ಎಂದಳು ಹನಾದಿ. “ನೀನು ಸುಹೈಬ್. ನಾನು ಹೇಳಿ ನೋಡ್ತೀನಿ.”

ಹೀಗೆ ಆ ಮನೆಯಲ್ಲಿ ತಾಲೀಮು ಶುರುವಾಯಿತು. ಹನಾದಿ ಸೋಫಾದ ತುದಿಗೆ ಕೂತು, “ನನಗೆ ಮುಂಚೆ ನಿಕಾಹ್ ಆಗಿತ್ತು” ಎಂದಳು.

“ಅಂದ್ರೆ... ಹೇಗೆ?”

“ಹೇಗೆ ಅಂದ್ರೆ, ಅವನು ತುಂಬ ಒಳ್ಳೆಯವನೇ, ನಗಿಸ್ತಿದ್ದ, ಆದ್ರೆ ಕುವೈತಿಗೆ ಕೆಲಸಕ್ಕೆ ಹೋಗ್ತೀನಿ ಅಂದ, ನಾನು ಇಲ್ಲೇ ಇರ್ತೀನಿ ಅಂದೆ, ಒಂದಿನ ಕಾರಲ್ಲಿ ಜಗಳ ಆಗಿ...”

“ಅಂದ್ರೆ... ಕಾರಲ್ಲಿ?”

“ಕಾರಲ್ಲಿ ಏನಿಲ್ಲ! ಮನೆಗೆ ಬಿಡೋಕೆ ಬರ್ತಿದ್ದ, ಎರಡು ಮೂರು ಸಲ... ಅಲ್ಲ, ಯಾಕೆ ನಾನು ಇದನ್ನೆಲ್ಲ ಹೇಳ್ತಿದೀನಿ?”

“ನಾನು ಬರೀ ‘ಅಂದ್ರೆ’ ಅಂದೆ, ನೀನು ಕಾರು ಓಡಿಸಿದೆ” ಎಂದ ಬಾಸಿಲ್ ತನ್ನ ದನಿಯಲ್ಲಿ.

ಅಮ್ಮ ಇಸ್ತ್ರಿ ನಿಲ್ಲಿಸಿ ನೋಡುತ್ತಿದ್ದಳು. “ಒಳ್ಳೆಯವನು ಅಂದ್ರೆ, ಇನ್ನೂ ಅವನ ಮೇಲೆ ಮನಸ್ಸಿದೆ ಅಂದ್ಕೋತಾನೆ. ಕೆಟ್ಟವನು ಅಂದ್ರೆ, ನಾಳೆ ನನ್ನನ್ನೂ ಹೀಗೇ ಆಡ್ಕೋತಾಳೆ ಅಂದ್ಕೋತಾನೆ.”

“ಹಾಗಾದ್ರೆ ಅವನ ವಿಷಯಾನೇ ಬೇಡ. ಹೆಸರೂ ಬೇಡ. ನನ್ನ ವಿಷಯ ಮಾತ್ರ.”

ಒಂದೊಂದು ತಾಲೀಮಿಗೂ ಮಾತು ಕುಗ್ಗುತ್ತ ಬಂತು, ಕೂಸಾದ ತಿರುಳಿನಂತೆ. ಕೊನೆಗೆ ಉಳಿದದ್ದು ಇಷ್ಟು: ನಿಕಾಹ್ ಬರೆಸಿತ್ತು, ಮನೆ ತುಂಬುವ ಮೊದಲೇ ಇಬ್ಬರೂ ಒಪ್ಪಿ ಬಿಟ್ಟೆವು, ಕಾಗದದಲ್ಲಿ ನಾನು ವಿಚ್ಛೇದಿತೆ. ಯಾಕೆಂದು ಕೇಳಿದರೆ, ‘ಬಾಳುವ ಊರಿನ ಬಗ್ಗೆ ಒಮ್ಮತ ಬರಲಿಲ್ಲ.’ ಮುಂದೆ ಕೇಳಿದರೆ, ‘ಅದನ್ನು ಇನ್ನೊಂದು ದಿನ ಹೇಳುತ್ತೇನೆ, ಆ ದಿನ ಬಂದರೆ.’ ಮನೆಯವರೆಲ್ಲರೂ ಯಾರು ಕೇಳಿದರೂ ಇದನ್ನೇ ಹೇಳಬೇಕು, ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು ಅಪ್ಪ ತೀರ್ಪು ಕೊಟ್ಟ. ಅಜ್ಜಿ ಮಾತ್ರ ತಸ್ಬಿ ಮಣಿ ಎಣಿಸುತ್ತ ಕಿವುಡಿಯಾದಳು.

ಮಂಗಳವಾರ ಬೀದಿಗೆ ನೀರು ಬಿಡುವ ದಿನ. ತೊಟ್ಟಿ ತುಂಬಿಸುವುದು, ವಾರದ ಬಟ್ಟೆ ಒಗೆಯುವುದು ಎಲ್ಲ ಅವತ್ತೇ. ಬಾಸಿಲ್ ತಾರಸಿಯ ಮೇಲೆ ತೊಟ್ಟಿಯ ಕೊಳಾಯಿ ಕಾಯುತ್ತ ಕೂತಿದ್ದ, ಜೊತೆಗೆ ಪಕ್ಕದ ಮನೆಯ ಗೆಳೆಯ. ಗೆಳೆಯನ ಫೋನು ತೆಗೆದುಕೊಂಡು, ಭುಜ ಬಾಗಿಸಿ, ಕೆಳಗಿದ್ದ ಅಕ್ಕನಿಗೆ ಫೋನ್ ಮಾಡಿದ.

“ಅಂದ್ರೆ... ನಾನು ಸುಹೈಬ್. ನಿಮ್ಮಮ್ಮ ನಂಬರ್ ಕೊಟ್ರು.”

ಅಕ್ಕ ‘ಇಳಿದು ಬಾ ಕೋತಿ’ ಎನ್ನುತ್ತಾಳೆ ಎಂದು ಅವನ ಲೆಕ್ಕ. ಆದರೆ ಅವಳು ವಾಷಿಂಗ್ ಮೆಷಿನ್ ನಿಲ್ಲಿಸಿ, ಬಚ್ಚಲ ಬಾಗಿಲು ಹಾಕಿಕೊಂಡಳು.

“ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು” ಎಂದಳು. “ಗುರುವಾರ ಬರೋ ಮೊದಲು ನಿಮಗೊಂದು ವಿಷಯ ಗೊತ್ತಿರ್ಬೇಕು. ನನಗೆ ಮುಂಚೆ ನಿಕಾಹ್ ಬರೆಸಿತ್ತು. ಮನೆ ತುಂಬೋ ಮೊದಲೇ ಇಬ್ಬರೂ ಒಪ್ಪಿ ಬಿಟ್ವಿ. ಕಾಗದದಲ್ಲಿ ನಾನು ವಿಚ್ಛೇದಿತೆ. ನಮ್ಮಜ್ಜಿ ನಿಮ್ಮಮ್ಮನಿಗೆ ಬೇರೆ ಥರ ಹೇಳಿದ್ರು, ಅದು ನನ್ನ ಮೇಲಿನ ಆಸೆಗೆ ಹೇಳಿದ್ದು. ತಪ್ಪು. ಈಗ ನೀವು ಬರದೆ ಇದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ.”

ಅವಳ ದನಿ ಒಂದೇ ಒಂದು ಕಡೆ, ಕೊನೆಯಲ್ಲಿ, ನಡುಗಿತು. ತಾಲೀಮಿನಲ್ಲಿ ಎಂದೂ ನಡುಗಿರಲಿಲ್ಲ. ತಾರಸಿಯ ಮೇಲೆ ಬಾಸಿಲ್‌ಗೆ ತನ್ನ ದನಿಯೂ ಇಲ್ಲ, ಸುಹೈಬನದೂ ಇಲ್ಲ. ಹಾಸ್ಯವೆಂದು ಈಗ ಹೇಳಿದರೆ ಅವಳು ಬಚ್ಚಲಲ್ಲೇ ಕುಸಿಯುತ್ತಾಳೆ ಅನ್ನಿಸಿತು.

“ಅಂದ್ರೆ... ಪರವಾಗಿಲ್ಲ” ಎಂದ. “ಗುರುವಾರ ಬರ್ತೀವಿ.”

ತೊಟ್ಟಿ ತುಂಬಿ ನೀರು ಅವನ ಚಪ್ಪಲಿಯ ಮೇಲೆ ಹರಿಯುತ್ತಿತ್ತು.

ಕೆಳಗೆ ಬಂದರೆ ಮನೆಯಲ್ಲಿ ಹಬ್ಬ. “ಹೇಳಿಬಿಟ್ಟೆ ಯಮ್ಮಾ! ಪರವಾಗಿಲ್ಲ ಅಂದ! ಏನೂ ಕೇಳ್ಲಿಲ್ಲ!” ಹನಾದಿ ಅಮ್ಮನ ಕೊರಳಿಗೆ ಬಿದ್ದಿದ್ದಳು. ಅಮ್ಮ ಕಣ್ಣೊರೆಸಿಕೊಂಡು, ಗುರುವಾರಕ್ಕೆ ಮಕ್ಲೂಬಾ, ಅಂದರೆ ಬೇಯಿಸಿ ತಟ್ಟೆಗೆ ಮಗುಚುವ ಅನ್ನ, ಮಾಡೋಣ, ಬದನೆಕಾಯಿ ಹಾಕೋಣ, ಕುರಿಮಾಂಸವನ್ನೇ ತರೋಣ ಎಂದಳು. ಅಪ್ಪ ಹಜಾರದ ಸೋಫಾಕ್ಕೆ ಅಂಗಡಿಯಿಂದ ಒಳ್ಳೆಯ ಬಟ್ಟೆ ತರುತ್ತೇನೆಂದ, ಹತ್ತು ವರ್ಷದಿಂದ ಹೇಳುತ್ತಿದ್ದವನು ಅವತ್ತೇ ತಂದ.

ಬಾಸಿಲ್ ಆ ರಾತ್ರಿ ಊಟ ಬಿಟ್ಟ. ಬುಧವಾರ ಮಧ್ಯಾಹ್ನ ಅಜ್ಜಿಯ ಕೋಣೆಗೆ ಹೋಗಿ ಪಿಸುಗುಟ್ಟಿದ. ಅಜ್ಜಿ ಹಲ್ಲಿನ ಸೆಟ್ಟು ಲೋಟದಿಂದ ತೆಗೆದು ಹಾಕಿಕೊಂಡು ಎಲ್ಲ ಕೇಳಿದಳು.

“ಬಾಯಿ ಮುಚ್ಕೋ. ಅವಳು ಹೇಳಿದಾಳೆ ತಾನೆ? ಅವಳ ಋಣ ಮುಗೀತು. ಕೇಳ್ದೋರು ಯಾರು ಅನ್ನೋದು ಸಣ್ಣ ವಿಷಯ.”

“ಸಣ್ಣ ವಿಷಯನಾ ತೇತಾ! ನೀನೂ ನಾನೂ ಸೇರಿ ಅವಳನ್ನ ಎರಡು ಸಲ ಸುಳ್ಳಿ ಮಾಡಿದ್ವಿ.”

“ನನ್ನದು ಸುಳ್ಳಲ್ಲ. ನಿನ್ನದು ಸುಳ್ಳು” ಎಂದಳು ಅಜ್ಜಿ.

ಗುರುವಾರ. ಉಮ್ಮ್ ಸುಹೈಬ್ ಒಳಗೆ ಹೆಂಗಸರ ಜೊತೆ, ಅಬೂ ಬಾಸಿಲ್ ಇನ್ನೂ ದುಕಾನಿನಲ್ಲಿ, ಹಜಾರದಲ್ಲಿ ಹನಾದಿ ಮತ್ತು ಸುಹೈಬ್. ಬಾಸಿಲ್ ಮಾತಿಗೆ ಆಸ್ಪದ ಕೊಡಬಾರದೆಂದು ನಿರ್ಧರಿಸಿದ್ದ. ನೀರು ತಂದ. ಕಾಫಿ ತಂದ. ಕಾಫಿ ಮುಗಿಯುವ ಮೊದಲು ಚಹಾ ತಂದ. ಬಾದಾಮಿ, ಕಿತ್ತಳೆ, ಕಿತ್ತಳೆ ಸುಲಿಯಲು ಚಾಕು, ಚಾಕು ಒರೆಸಲು ಕಾಗದ.

“ನಿಮ್ಮ ತಮ್ಮನಿಗೆ ಅಂದ್ರೆ... ಹೋಟೆಲಲ್ಲಿ ಕೆಲಸನಾ?” ಎಂದ ಸುಹೈಬ್.

ಹನಾದಿ ನಕ್ಕು, “ಬಾಸಿಲ್, ಸಾಕು, ಹೋಗು” ಎಂದಳು. ಅವನು ಬಾಗಿಲ ಆಚೆ ನಿಂತ.

ಸುಹೈಬ್ ಲೋಟವನ್ನು ತಿರುಗಿಸುತ್ತ ಕೂತ. “ಅಂದ್ರೆ... ನಿಮಗೊಂದು ವಿಷಯ ಹೇಳ್ಬೇಕು. ನಾಡಿದ್ದು ನಮ್ಮ ದೊಡ್ಡಪ್ಪ ಬಂದು ನಿಮ್ಮ ಕಡೆ ವಿಚಾರಿಸ್ತಾರೆ. ನಿಮ್ಮಪ್ಪನೂ ನಮ್ಮ ಕಡೆ ವಿಚಾರಿಸ್ತಾರೆ. ಬೇರೆಯೋರಿಂದ ಕೇಳೋ ಮೊದಲು ನನ್ನಿಂದ ಕೇಳಿ. ಝರ್ಕಾದಲ್ಲಿ ಒಂದು ಮನೆಯೋರ ಜೊತೆ ನಂದು ಫಾತಿಹಾ ಓದಿ ಮದುವೆ ಮಾತು ಗಟ್ಟಿ ಆಗಿತ್ತು. ಒಂದು ವರ್ಷ ಮಾತು ನಡೀತು. ಆಮೇಲೆ ನಿಂತೋಯ್ತು. ಅಷ್ಟೇ. ಅಮ್ಮನಿಗೆ ಅದರ ಮಾತು ಇಷ್ಟ ಇಲ್ಲ, ನಾನು ಹೇಳಿದ್ದು ಆಕೇಗೆ ಗೊತ್ತಿಲ್ಲ.”

ಹನಾದಿಯ ಮುಖ ಅರಳಿತು. “ನನ್ನದನ್ನ ಕೇಳಿದಾಗ ನೀವು ಒಂದು ಪ್ರಶ್ನೆ ಕೂಡ ಕೇಳ್ಲಿಲ್ಲ. ನಾನೂ ಕೇಳಲ್ಲ.”

“ನಿಮ್ಮದಾ?” ಎಂದ ಸುಹೈಬ್. “ನಿಮ್ಮದು ಏನು?”

“ಮಂಗಳವಾರ ಫೋನಲ್ಲಿ ಹೇಳಿದ್ನಲ್ಲ.”

“ನಾನು ನಿಮಗೆ ಫೋನ್ ಮಾಡಿಲ್ಲ. ನಿಮ್ಮ ನಂಬರೇ ನನ್ನ ಹತ್ರ ಇಲ್ಲ.”

ಬಾಗಿಲ ಆಚೆ ತಟ್ಟೆಯೊಂದು ಬಿದ್ದು ಬಾದಾಮಿ ಚೆಲ್ಲಿತು. ಹನಾದಿ ಆ ಕಡೆ ನೋಡಿದಳು. ಬಾಸಿಲ್ ಮುಖ ಕಂಡದ್ದೇ ಎಲ್ಲವೂ ತಿಳಿಯಿತು. ಅವಳ ಕಿವಿ, ಕೊರಳು ಕೆಂಪಾದವು. ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸುತ್ತಾಳೆ ಅನ್ನಿಸಿತು. ಎದ್ದಳು, ಮತ್ತೆ ಕೂತಳು.

“ಯಾರೋ ನಿಮ್ಮ ದನಿ ಕದ್ದಿದ್ರು” ಎಂದಳು. “ಇನ್ನೊಂದ್ಸಲ ಹೇಳ್ತೀನಿ.” ಹೇಳಿದಳು. ಮೂರೇ ಮಾತು, ತಾಲೀಮಿನ ಅದೇ ಮಾತು. ಆದರೆ ಈಗ ಎದುರಿಗೆ ಮುಖವಿತ್ತು, ಆ ಮುಖ ಒಂದೊಂದು ಮಾತಿಗೂ ಒಂದೊಂದು ಮಹಡಿ ಇಳಿಯುವುದು ಕಾಣುತ್ತಿತ್ತು.

“ಅಂದ್ರೆ... ನಿಮ್ಮಜ್ಜಿ ಅಮ್ಮನ ಹತ್ರ ದೇವರಾಣೆ ಇಟ್ಟಿದ್ರು” ಎಂದ ಅವನು ಕೊನೆಗೆ.

“ಹೂಂ.”

“ನಿಕಾಹ್ ಆಗಿದ್ದಕ್ಕೆ ಏನಿಲ್ಲ. ಆದ್ರೆ ಆಣೆ... ನನಗೆ ಸ್ವಲ್ಪ ಯೋಚನೆ ಮಾಡ್ಬೇಕು.”

“ಮಾಡಿ” ಎಂದಳು ಹನಾದಿ. “ನಿಮ್ಮಮ್ಮನಿಗೆ ನೀವೇ ಹೇಳಿ. ನಿಮ್ಮ ಝರ್ಕಾ ವಿಷಯ ನನ್ನ ಹತ್ರಾನೇ ಇರುತ್ತೆ.”

ಅವತ್ತು ಮಕ್ಲೂಬಾದ ಪಾತ್ರೆಯನ್ನು ತಟ್ಟೆಗೆ ಮಗುಚಲೇ ಇಲ್ಲ. ಅತಿಥಿಗಳು ಊಟಕ್ಕೆ ನಿಲ್ಲಲಿಲ್ಲ. ಮನೆಯವರು ಪಾತ್ರೆಗೇ ಚಮಚ ಹಾಕಿ ಎರಡು ದಿನ ತಿಂದರು, ಯಾರಿಗೂ ಅದು ಮಾಂಸವೋ ಬದನೆಯೋ ತಿಳಿಯಲಿಲ್ಲ.

ಆಮೇಲಿನ ದಿನಗಳು ಬಹಳ ಉದ್ದ. ಹನಾದಿ ತಮ್ಮನಿಗೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನೀರಿನ ದಿನ ಎಲ್ಲರ ಬಟ್ಟೆ ಒಗೆದಳು, ಅವನ ಬಟ್ಟೆ ಬಿಟ್ಟು. ಊಟಕ್ಕೆ ಅವನ ತಟ್ಟೆ ಇಡುತ್ತಿದ್ದಳು, ಕರೆಯುತ್ತಿರಲಿಲ್ಲ. ಬಾಸಿಲ್ ಯಾರ ದನಿಯನ್ನೂ ಮಾಡದೆ ತನ್ನದರಲ್ಲೇ ಮಾತಾಡುತ್ತಿದ್ದ. ಆ ದನಿ ಎಷ್ಟು ಸಣ್ಣದೆಂದು ಮನೆಯವರಿಗೆ ಆಗಲೇ ಗೊತ್ತಾದದ್ದು.

“ಏನಾದ್ರೂ ಅನ್ನು ಅಕ್ಕ. ಕೋತಿ ಅನ್ನು.”

“ಕೋತಿಗೆ ಅವಮಾನ.”

ಅಬೂ ಬಾಸಿಲ್ ಒಂದು ಸಂಜೆ ಬಂದು, “ಅವರ ದೊಡ್ಡಪ್ಪ ಅಬೂ ಝುಹ್ದಿ ಅಂಗಡಿಗೆ ಬಂದಿದ್ನಂತೆ” ಎಂದ. ಎಲ್ಲರ ಕೈ ನಿಂತಿತು. “ಹುಡುಗಿ ವಿಷಯ ಕೇಳಿದ್ನಂತೆ, ಇವನು ನಿಕಾಹ್ ಕತೆ ಉದ್ದಕ್ಕೆ ಶುರುಮಾಡಿದ್ನಂತೆ. ದೊಡ್ಡಪ್ಪ, ‘ಅದು ನಮ್ಮ ಹುಡುಗನಿಗೆ ಆಗಲೇ ಹೇಳಿದಾಳೆ, ಬೇರೆ ಏನಾದ್ರೂ ಇದೆಯಾ’ ಅಂದ್ನಂತೆ. ಅಬೂ ಝುಹ್ದಿ ಮುಖ ನೋಡ್ಬೇಕಿತ್ತು. ತೂಗೋಕೆ ಏನೂ ಉಳಿದಿರ್ಲಿಲ್ಲ.”

“ಹಾಗಾದ್ರೆ ಬಿಟ್ಟಿಲ್ಲ!” ಎಂದಳು ಅಮ್ಮ.

“ಬಿಟ್ಟಿಲ್ಲ ಅಂತಾನೂ ಅಲ್ಲ, ಹಿಡಿದಿದಾರೆ ಅಂತಾನೂ ಅಲ್ಲ.”

ಅದಾದ ಒಂದು ವಾರಕ್ಕೆ ಉಮ್ಮ್ ಸುಹೈಬ್ ಒಬ್ಬಳೇ ಬಂದಳು. ಕಾಫಿ ಮುಟ್ಟಲಿಲ್ಲ. ಇಲ್ಲಿ ಕಾಫಿ ಮುಟ್ಟದೆ ಕೂತರೆ ಜಗಳಕ್ಕೇ ಬಂದಿದ್ದಾರೆಂದು ಅರ್ಥ.

“ಹಾಜ್ಜಾ, ನಿಮ್ಮ ವಯಸ್ಸಿಗೆ ಗೌರವ ಕೊಡ್ತೀನಿ. ಆದ್ರೆ ದೇವರಾಣೆ ಅಂದ್ರಿ, ಅಲ್ವಾ?”

“ಅಂದೆ. ನೀವು ಕೇಳಿದ್ದು ನಿಶ್ಚಿತಾರ್ಥ. ಉಂಗುರ ಇಲ್ಲ, ಊಟ ಇಲ್ಲ. ನಿಶ್ಚಿತಾರ್ಥ ಎಲ್ಲಿ ಆಯ್ತು?”

“ಮಾತಿನ ಚರ್ಮ ಸುಲೀಬೇಡಿ! ನಾನು ಏನು ಕೇಳ್ದೆ ಅಂತ ನಿಮಗೆ ಗೊತ್ತಿತ್ತು, ಅಲ್ವಾ?”

“ಗೊತ್ತಿತ್ತು” ಎಂದಳು ಅಜ್ಜಿ, ಮೊದಲ ಸಲ ದನಿ ತಗ್ಗಿಸಿ. “ಹುಡುಗಿ ಮುಖ ನೋಡೋ ಮೊದಲು ಆ ಒಂದು ಮಾತು ಕೇಳಿ ಓಡಿಹೋಗ್ತೀರ ಅಂತ ಭಯ. ಆಣೆ ನಂದು, ಪಾಪ ನಂದು. ಅವಳಿಗೆ ಹಚ್ಚಬೇಡಿ.”

“ನಮ್ಮಲ್ಲಿ ಇಂಥದ್ದಿಲ್ಲ ಹಾಜ್ಜಾ. ನನ್ನ ಮಗ ಇವತ್ತಿನವರೆಗೆ ಒಂದು ಹೆಣ್ಣಿನ ಕಡೆ ಕಣ್ಣೆತ್ತಿದವನಲ್ಲ. ಯಾವ ಮನೇಲೂ ಅವನ ಮಾತು ನಡೆದಿಲ್ಲ. ಅಲ್ವಾ?”

ಆ ‘ಅಲ್ವಾ’ ಯಾರನ್ನು ಕೇಳಿದ್ದೋ, ಆದರೆ ಕೇಳುತ್ತ ಅವಳ ಕಣ್ಣು ಹನಾದಿಯ ಕಡೆ ಹೋಯಿತು. ಹನಾದಿ ಆಗಷ್ಟೇ ನೀರಿನ ಲೋಟ ತಂದಿದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಝರ್ಕಾ ಎಂದಿದ್ದರೆ ಸಾಕಿತ್ತು. ಅಜ್ಜಿ ಗೆದ್ದು ಕೇಕೆ ಹಾಕುತ್ತಿದ್ದಳು, ಅಮ್ಮ ತಲೆ ಎತ್ತಿ ನಿಲ್ಲುತ್ತಿದ್ದಳು, ಲೆಕ್ಕ ಸಮ ಆಗುತ್ತಿತ್ತು. ಹನಾದಿ ಕೆಳಗೆ ನೋಡುತ್ತ ಲೋಟವನ್ನು ಮೇಜಿನ ಮೇಲೆ ಇಟ್ಟಳು. ಆದರೆ ಅವಳ ಮುಖ ಆಡದೆ ಉಳಿದ ಮಾತಿನಿಂದ ತುಂಬಿಕೊಂಡಿತ್ತು.

ಉಮ್ಮ್ ಸುಹೈಬ್ ಆ ಮುಖವನ್ನು ಬಹಳ ಹೊತ್ತು ನೋಡಿದಳು. “ನಿನಗೆ ಹೇಳಿದಾನೆ” ಎಂದಳು ಮೆಲ್ಲಗೆ. ಆ ಮಾತಿನ ಬಾಲಕ್ಕೆ ಗಂಟಿರಲಿಲ್ಲ.

“ಏನನ್ನ ಖಾಲಾ?” ಎಂದಳು ಹನಾದಿ.

ಅಜ್ಜಿ ಇಬ್ಬರ ಮುಖವನ್ನೂ ನೋಡಿದಳು. ಏನೋ ವಾಸನೆ ಬಂತು, ಬಾಯಿ ತೆರೆದಳು. ಉಮ್ಮ್ ಬಾಸಿಲ್ ಅವಳ ತೊಡೆ ಚಿವುಟಿದಳು.

ಉಮ್ಮ್ ಸುಹೈಬ್ ಕೈ ಚಾಚಿ ಆರಿಹೋಗಿದ್ದ ಕಾಫಿ ತೆಗೆದುಕೊಂಡು ಒಂದು ಗುಟುಕು ಕುಡಿದಳು. “ತಣ್ಣಗಾಗಿದೆ” ಎಂದಳು.

“ಬಿಸಿ ಮಾಡಿ ತರ್ತೀನಿ.”

“ಬೇಡ. ಇದನ್ನೇ ಕುಡೀತೀನಿ.” ಕುಡಿದಳು. ಎದ್ದು ಹೋಗುವಾಗ ಬಾಗಿಲಲ್ಲಿ, “ಅವನಿಗೆ ಮಾತಾಡೋಕೆ ಹೊತ್ತು ಬೇಕು. ಅವನಪ್ಪನೂ ಹಾಗೇ. ಗುರುವಾರ ಕಳಿಸ್ತೀನಿ” ಎಂದಳು.

ಆ ಗುರುವಾರ ಸುಹೈಬ್ ಹೊಸ ಬಟ್ಟೆಯ ಸೋಫಾದ ಮೇಲೆ, ಅದು ತನ್ನ ಭಾರ ತಡೆಯುತ್ತದೋ ಇಲ್ಲವೋ ಎಂಬಂತೆ ತುದಿಯಲ್ಲಿ ಕೂತಿದ್ದ. ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ಅಮ್ಮ ಸೌಟು ಹಿಡಿದು ಆಡಿಸದೆ ನಿಂತಿದ್ದಳು, ಅಪ್ಪ ಅವಳ ಹಿಂದೆ, ಅಜ್ಜಿ ಅವನ ಹಿಂದೆ. ಬಾಸಿಲ್ ತಾರಸಿಯ ಮೆಟ್ಟಿಲ ಮೇಲೆ, ಕೆಳಗಿಳಿಯುವ ಅಪ್ಪಣೆ ಸಿಗದೆ.

“ಅಂದ್ರೆ... ಒಂದು ಕೇಳ್ಲಾ?” ಎಂದ ಸುಹೈಬ್.

“ಕೇಳಿ” ಎಂದಳು ಹನಾದಿ. ಸಿದ್ಧವಾಗಿದ್ದಳು. ಯಾಕೆ ಬಿಟ್ಟಿರಿ, ಅವನು ಈಗ ಎಲ್ಲಿದ್ದಾನೆ, ಎಷ್ಟು ದಿನ ಓಡಾಡಿದಿರಿ. ಯಾವುದಕ್ಕೆ ಉತ್ತರ, ಯಾವುದಕ್ಕೆ ಇನ್ನೊಂದು ದಿನ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು.

“ಆವತ್ತು ಫೋನಲ್ಲಿ ನೀವು ಎಲ್ಲ ಹೇಳಿದ ಮೇಲೆ... ನಾನು ಏನಂದೆ?”

“ನೀವಾ?”

“ಅಂದ್ರೆ... ಆ ನಾನು.”

“ಪರವಾಗಿಲ್ಲ ಅಂದ್ರಿ.”

“ಅಷ್ಟೇನಾ? ಯೋಚನೆ ಏನೂ ಮಾಡದೆ?”

“ಮಾಡದೆ. ಗುರುವಾರ ಬರ್ತೀವಿ ಅಂದ್ರಿ.”

ಸುಹೈಬ್ ತಲೆದೂಗಿದ. ಗಲ್ಲ ಕೆರೆದುಕೊಂಡ. “ನನಗೆ ಎರಡು ವಾರ ಹಿಡೀತು ಅಷ್ಟು ಹೇಳೋಕೆ” ಎಂದ ಬಲು ಗಂಭೀರವಾಗಿ. “ಅಂದ್ರೆ... ನಿಮ್ಮ ತಮ್ಮ ನನಗಿಂತ ಒಳ್ಳೇ ಸುಹೈಬ್.”

ಮೊದಲು ನಕ್ಕವನು ಅಡುಗೆಮನೆಯಲ್ಲಿದ್ದ ಅಬೂ ಬಾಸಿಲ್, ಮೂಗಿನಿಂದ. ಆಮೇಲೆ ಅಜ್ಜಿ, ಸೆಟ್ಟು ಅಲುಗಿಸಿಕೊಂಡು. ತಾರಸಿಯ ಮೆಟ್ಟಿಲಿಂದ ಒಂದು ಹೆದರಿದ ನಗು. ಅಷ್ಟರಲ್ಲಿ ಹನಾದಿಯದು ಶುರುವಾಯಿತು. 

ಮೊದಲು ಬಾಯಿಗೆ ಕೈ ಇಟ್ಟಳು, ನಿಲ್ಲಲಿಲ್ಲ. ದಿಂಬು ಒತ್ತಿಕೊಂಡಳು, ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಸೋಫಾದಿಂದ ಜಮಖಾನಕ್ಕೆ ಜಾರಿ, ಎಲ್ಲರ ನಗುವನ್ನೂ ಮುಳುಗಿಸಿ ನಕ್ಕಳು. ಕೆಳಗೆ ನಮ್ಮ ಮನೆಯಲ್ಲಿ ದೀಪದ ಬುರುಡೆ ತೂಗಾಡಿತು.